ಅಡಿಕೆ ದುಡ್ಡು ಮತ್ತು ಒಂದೂವರೆ ಪುಟದ ಪತ್ರ: ನಮ್ಮ ಷೆಂಗೆನ್ ವೀಸಾ ಅನುಭವ

ನಾನು ಸಾಗರ ತಾಲೂಕಿನ ಅಡಿಕೆ ಬೆಳೆಗಾರ. ಹೆಂಡತಿ ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. 2025ರ ಮೇ ತಿಂಗಳಲ್ಲಿ ನಾವಿಬ್ಬರೂ ಪ್ಯಾರಿಸ್ ಮತ್ತು ಸ್ವಿಟ್ಜರ್ಲೆಂಡ್ ನೋಡಿ ಬಂದೆವು. ಊರಲ್ಲಿ ಎಲ್ಲರೂ ಕೇಳುವುದು ಹಿಮ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ ಅಂತ. ಆದರೆ ಹೋಗುವ ಮನಸ್ಸಿರುವವರು ಕೇಳುವ ಪ್ರಶ್ನೆ ಒಂದೇ: ವೀಸಾ ಹೇಗೆ ಸಿಕ್ತು? ಸಂಬಳದ ಚೀಟಿ ಇಲ್ಲದ ರೈತನಿಗೆ ಕೊಡ್ತಾರಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಅರ್ಜಿ ಜೊತೆ ಇಡುವ ಕವರ್ ಲೆಟರ್ ಬಗ್ಗೆ. ನಮಗೆ ಮೊದಲ ಸಲ ವೀಸಾ ಸಿಗದೇ ಹೋದದ್ದೂ ಆ ಪತ್ರದಿಂದ, ಎರಡನೇ ಸಲ ಸಿಕ್ಕಿದ್ದೂ ಅದನ್ನು ಸರಿಯಾಗಿ ಬರೆದದ್ದರಿಂದ ಅಂತ ನನ್ನ ನಂಬಿಕೆ.

ಮೊದಲ ಸಲ ಅಂದರೆ 2023ರಲ್ಲಿ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಆ ಗುಂಪಿನ ಬೇರೊಂದು ದೇಶಕ್ಕೆ ಅರ್ಜಿ ಹಾಕಿದ್ದೆವು. ಪೇಟೆಯ ಒಬ್ಬ ಏಜೆಂಟ್ ಎಲ್ಲಾ ಮಾಡಿಕೊಟ್ಟಿದ್ದ. ಪತ್ರವನ್ನೂ ಅವನೇ ಟೈಪ್ ಮಾಡಿಸಿದ್ದ, ನಾವು ಸಹಿ ಹಾಕಿದೆವು, ಅಷ್ಟೇ. ಹದಿನೈದು ದಿನಕ್ಕೆ ಪಾಸ್‌ಪೋರ್ಟ್ ವಾಪಸ್ ಬಂತು, ಒಳಗೆ ಒಂದು ಮುದ್ರಿತ ಹಾಳೆ. ಷೆಂಗೆನ್ ದೇಶಗಳೆಲ್ಲ ನಿರಾಕರಣೆಗೆ ಬಳಸುವುದು ಒಂದೇ ನಮೂನೆಯ ಫಾರಂ. ಕಾರಣಗಳ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ, ನಮಗೆ ಅನ್ವಯಿಸುವುದಕ್ಕೆ ಗುರುತು ಹಾಕಿರುತ್ತಾರೆ. ನಮ್ಮದರಲ್ಲಿ ಎರಡಕ್ಕೆ ಗುರುತಿತ್ತು. ಒಂದು, ಪ್ರವಾಸದ ಉದ್ದೇಶ ಮತ್ತು ಅಲ್ಲಿ ಇರುವ ವ್ಯವಸ್ಥೆ ಬಗ್ಗೆ ಕೊಟ್ಟ ಮಾಹಿತಿ ನಂಬಿಕೆಗೆ ಅರ್ಹವಾಗಿಲ್ಲ. ಇನ್ನೊಂದು, ವೀಸಾ ಮುಗಿಯುವ ಮುಂಚೆ ನೀವು ವಾಪಸ್ ಹೋಗುತ್ತೀರಿ ಅನ್ನುವುದರಲ್ಲಿ ಸಂಶಯವಿದೆ. ಅಪ್ಪ, ಅಜ್ಜ ನೆಟ್ಟ ತೋಟ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಆ ಸಾಲು ಓದಿ ತುಂಬಾ ನೋವಾಯಿತು. ಫೀಸು ವಾಪಸ್ ಬರುವುದಿಲ್ಲ. ಹೋಟೆಲ್ ಮಾತ್ರ ರದ್ದು ಮಾಡಬಹುದಾದದ್ದನ್ನೇ ಹಿಡಿದಿದ್ದರಿಂದ ಉಳಿಯಿತು.

ಆಮೇಲೆ ಆ ಮಾತೇ ಬಿಟ್ಟಿದ್ದೆವು. 2024ರ ದೀಪಾವಳಿಗೆ ಅಕ್ಕನ ಮಗಳು ಬೆಂಗಳೂರಿಂದ ಬಂದಿದ್ದಳು. ಅವಳ ಆಫೀಸಿನಲ್ಲಿ ವಿದೇಶಕ್ಕೆ ಹೋಗುವವರ ಕಾಗದಪತ್ರ ನೋಡಿಕೊಳ್ಳುವುದು ಅವಳದೇ ಕೆಲಸ. ಹಳೇ ಫೈಲ್ ಕೊಡಿ ಮಾವ, ನೋಡ್ತೀನಿ ಅಂದಳು. ಜಗಲಿ ಮೇಲೆ ಕೂತು ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಎರಡನ್ನೂ ಒಟ್ಟಿಗೇ ಓದಿದಳು. ಆಮೇಲೆ ಸ್ಟೇಟ್‌ಮೆಂಟಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮಾವ, ಈ ಆರು ಲಕ್ಷ ಎಲ್ಲಿಂದ ಬಂತು?"

"ಅಡಿಕೆದು ಕಣೇ. ಸೊಸೈಟಿಗೆ ಹಾಕಿದ್ದು."

"ಅದು ನನಗೆ ಗೊತ್ತು, ನಿಮಗೆ ಗೊತ್ತು. ಫೈಲ್ ನೋಡೋರಿಗೆ ಹೇಗೆ ಗೊತ್ತಾಗ್ಬೇಕು?"

ನಿಜ ಅಲ್ವಾ. ಆ ಸ್ಟೇಟ್‌ಮೆಂಟನ್ನು ಹೊರಗಿನವರ ಕಣ್ಣಲ್ಲಿ ನೋಡಿ. ಐದು ತಿಂಗಳು ಖಾತೆಯಲ್ಲಿ ಐವತ್ತು ಅರವತ್ತು ಸಾವಿರ ಮಾತ್ರ ಓಡಾಡಿದೆ. ಅರ್ಜಿ ಹಾಕುವ ತಿಂಗಳ ಮುಂಚೆ ಒಂದೇ ದಿನ ಆರು ಲಕ್ಷ ಜಮೆ. ಅದರ ಬೆನ್ನಿಗೇ ಭಾವನ ಖಾತೆಯಿಂದ ಎರಡು ಲಕ್ಷ. ಈ ಎರಡು ಲಕ್ಷ ಏಜೆಂಟ್ ಹೇಳಿ ಹಾಕಿಸಿದ್ದು, ಬ್ಯಾಲೆನ್ಸ್ ಚೆನ್ನಾಗಿ ಕಾಣಲಿ ಅಂತ. ವೀಸಾ ಅಧಿಕಾರಿಗಳು ಹುಡುಕುವುದೇ ಇದನ್ನು. ಬೇರೆಯವರ ದುಡ್ಡು ತಂದು ನಾಲ್ಕು ದಿನ ಖಾತೆಯಲ್ಲಿಟ್ಟು ಆಮೇಲೆ ವಾಪಸ್ ಕೊಡುವವರು ಎಲ್ಲಾ ಕಡೆ ಇದ್ದಾರೆ. ನನ್ನ ಆರು ಲಕ್ಷ ನ್ಯಾಯವಾದ ಬೆವರಿನ ದುಡ್ಡು. ಆದರೆ ಪಕ್ಕದಲ್ಲಿದ್ದ ಆ ಎರಡು ಲಕ್ಷ ಅದನ್ನೂ ಅನುಮಾನಕ್ಕೆ ತಳ್ಳಿತು.

ಪತ್ರ ಇನ್ನೂ ಕೆಟ್ಟದಾಗಿತ್ತು. ನಾನು 'ಸ್ವಂತ ವ್ಯವಹಾರ' ಮಾಡುವವನು ಅಂತ ಏಜೆಂಟ್ ಬರೆದಿದ್ದ. ಯಾವ ವ್ಯವಹಾರ? ಅದಕ್ಕೆ ನೋಂದಣಿ ಎಲ್ಲಿ, ಜಿಎಸ್‌ಟಿ ಎಲ್ಲಿ? ಎರಡೂವರೆ ಎಕರೆ ಜಮೀನು ನನ್ನ ಸ್ವಂತದ್ದು ಅಂತಿತ್ತು, ಪಹಣಿ ನೋಡಿದರೆ ಅಮ್ಮ, ನಾನು, ತಮ್ಮ ಮೂವರ ಹೆಸರು. ಪ್ರವಾಸ ಹತ್ತು ದಿನ ಅಂತಿತ್ತು, ಇನ್ಶೂರೆನ್ಸ್ ಒಂಬತ್ತನೇ ದಿನಕ್ಕೇ ಮುಗಿಯುತ್ತಿತ್ತು. ಕೊನೆಯಲ್ಲಿ ಒಂದು ಇಡೀ ಪ್ಯಾರಾ: ನನಗೆ ಭಾರತದಲ್ಲಿ ಗಟ್ಟಿಯಾದ ಕೌಟುಂಬಿಕ ಮತ್ತು ಆರ್ಥಿಕ ಸಂಬಂಧಗಳಿವೆ, ನಾನು ಖಂಡಿತ ವಾಪಸ್ ಬರುತ್ತೇನೆ ಎಂದು ಭರವಸೆ ನೀಡುತ್ತೇನೆ. ಅಂಥ ಸಾಲು ಯಾರು ಬೇಕಾದರೂ ಬರೆಯಬಹುದು. ವಾಪಸ್ ಬರದೇ ಇರುವವನೂ ಅದನ್ನೇ ಬರೆಯುತ್ತಾನೆ.

ಸೊಸೆ ಒಂದು ಕೆಲಸ ಹೇಳಿದಳು. ಪತ್ರದ ಪ್ರತಿ ಸಾಲಿನ ಕೆಳಗೂ ಪೆನ್ಸಿಲ್‌ನಲ್ಲಿ ಬರೀರಿ, ಇದಕ್ಕೆ ಯಾವ ಕಾಗದ ಸಾಕ್ಷಿ ಅಂತ. ಸಾಕ್ಷಿ ಇಲ್ಲದ ಸಾಲು ತೆಗೀರಿ. ಆಮೇಲೆ ಉಲ್ಟಾ ಮಾಡಿ, ಫೈಲಿನ ಒಂದೊಂದೇ ಕಾಗದ ತಗೊಂಡು ನೋಡಿ, ಗೊತ್ತಿಲ್ಲದವರಿಗೆ ಇದರಲ್ಲಿ ವಿಚಿತ್ರ ಅನ್ನಿಸುವುದು ಏನಾದರೂ ಇದೆಯಾ, ಇದ್ದರೆ ಅದನ್ನು ಪತ್ರದಲ್ಲಿ ವಿವರಿಸಿ. ಹಳೇ ಪತ್ರಕ್ಕೆ ಇದನ್ನು ಮಾಡಿದಾಗ ಉಳಿದದ್ದು ನಮ್ಮ ಹೆಸರು ಮತ್ತು ಪಾಸ್‌ಪೋರ್ಟ್ ನಂಬರ್ ಮಾತ್ರ.

ಹಾಗಾಗಿ ಹೊಸದಾಗಿ ಶುರು ಮಾಡಿದೆವು. ಬರೆಯುವ ಮುಂಚೆ ತಾರೀಖು ಗಟ್ಟಿ ಮಾಡಿಕೊಂಡೆವು. ಮೇ 8ರ ಬೆಳಗಿನ ಜಾವ ಬೆಂಗಳೂರಿಂದ ಪ್ಯಾರಿಸ್. ಅಲ್ಲಿ 4 ರಾತ್ರಿ. 12ಕ್ಕೆ ರೈಲಿನಲ್ಲಿ ಬಾಸೆಲ್ ಮೇಲೆ ಇಂಟರ್‌ಲಾಕನ್, ಅಲ್ಲಿ 4 ರಾತ್ರಿ. 16ಕ್ಕೆ ಲುಸರ್ನ್, 3 ರಾತ್ರಿ. 19ಕ್ಕೆ ಜ್ಯೂರಿಕ್‌ನಿಂದ ವಾಪಸ್. ಒಟ್ಟು 11 ರಾತ್ರಿ, ಅದರಲ್ಲಿ 7 ಸ್ವಿಟ್ಜರ್ಲೆಂಡಿನಲ್ಲಿ. ಇಲ್ಲಿ ಸುಮಾರು ಜನ ಎಡವುತ್ತಾರೆ. ಮೊದಲು ಇಳಿಯುವ ದೇಶಕ್ಕೆ ಅರ್ಜಿ ಹಾಕಬೇಕು ಅಂದುಕೊಳ್ಳುತ್ತಾರೆ. ನಿಯಮ ಹಾಗಿಲ್ಲ. ಜಾಸ್ತಿ ದಿನ ಇರುವ ದೇಶಕ್ಕೆ ಹಾಕಬೇಕು. ಎರಡರಲ್ಲೂ ಸಮ ಸಮ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ನಮ್ಮ ಅರ್ಜಿ ಸ್ವಿಟ್ಜರ್ಲೆಂಡಿಗೆ, ಟಿಕೆಟ್ ಮಾತ್ರ ಪ್ಯಾರಿಸ್‌ಗೆ. ಟಿಕೆಟ್ ನೋಡಿದ ಕೂಡಲೇ ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಪತ್ರದ ಎರಡನೇ ಪ್ಯಾರಾದಲ್ಲೇ ಬರೆದೆವು: ನಾವು ಇಳಿಯುವುದು ಪ್ಯಾರಿಸ್‌ನಲ್ಲಿ, ಆದರೆ 11 ರಾತ್ರಿಯಲ್ಲಿ 7 ನಿಮ್ಮ ದೇಶದಲ್ಲಿ ಕಳೆಯುತ್ತೇವೆ, ಆದ್ದರಿಂದ ಅರ್ಜಿ ನಿಮ್ಮಲ್ಲಿ.

ಉದ್ದೇಶದ ಬಗ್ಗೆ ಮೂರೇ ಸಾಲು. ನಮ್ಮ ಮದುವೆಯಾಗಿ 25 ವರ್ಷ, ಅದಕ್ಕಾಗಿ ಈ ಪ್ರವಾಸ. ಇಂಟರ್‌ಲಾಕನ್‌ನಿಂದ 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ಗೆ ರೈಲಿನಲ್ಲಿ ಹೋಗುವುದು, ಲುಸರ್ನ್‌ನಲ್ಲಿ ಸರೋವರ ಮತ್ತು ಹಳೇ ಪೇಟೆ ನೋಡುವುದು. ಅಲ್ಲಿ ನಮಗೆ ನೆಂಟರಿಲ್ಲ, ಹೋಟೆಲಿನಲ್ಲೇ ಇರುತ್ತೇವೆ. ಇಷ್ಟೇ. ಆಲ್ಪ್ಸ್ ಬಗ್ಗೆ ವರ್ಣನೆ ಬರೆಯುವ ಅಗತ್ಯ ಇಲ್ಲ, ಅವರ ಊರಿನ ಬೆಟ್ಟ ಅವರಿಗೆ ಗೊತ್ತು. ದಿನದ ವಿವರವನ್ನು ಪತ್ರದೊಳಗೆ ತುರುಕದೆ ಬೇರೆ ಹಾಳೆಯಲ್ಲಿ ಒಂದು ಕೋಷ್ಟಕ ಮಾಡಿದೆವು. ತಾರೀಖು, ಎಲ್ಲಿಂದ ಎಲ್ಲಿಗೆ, ರಾತ್ರಿ ಯಾವ ಹೋಟೆಲ್, ಬುಕಿಂಗ್ ನಂಬರ್. ಒಂದು ರಾತ್ರಿಯೂ ಖಾಲಿ ಬಿಡಬಾರದು.

ನಮ್ಮ ಪತ್ರದ ಜೀವ ಇದ್ದದ್ದು ದುಡ್ಡಿನ ಪ್ಯಾರಾದಲ್ಲಿ. ಅದನ್ನು ಏಳೆಂಟು ಸಲ ತಿದ್ದಿರಬೇಕು. ಸೊಸೆ ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನನ್ನ ಆದಾಯ ತಿಂಗಳ ಸಂಬಳವಲ್ಲ. ನಾನು ಅಡಿಕೆ ಬೆಳೆಯುತ್ತೇನೆ. ಕೊಯ್ಲು ವರ್ಷಕ್ಕೆ ಒಂದು ಹಂಗಾಮು, ನವೆಂಬರ್‌ನಿಂದ ಫೆಬ್ರವರಿವರೆಗೆ. ಒಣಗಿಸಿದ ಅಡಿಕೆಯನ್ನು ಸಹಕಾರ ಸಂಘದ ಮೂಲಕ ಮಾರುತ್ತೇನೆ, ಹಣ ಒಂದೆರಡು ಕಂತಿನಲ್ಲಿ ಒಟ್ಟಿಗೆ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನ 4ನೇ ಪುಟದಲ್ಲಿ 22 ಜನವರಿ 2025ರಂದು ಜಮೆಯಾಗಿರುವ 5,84,000 ರೂಪಾಯಿ, 12 ಕ್ವಿಂಟಲ್ ಅಡಿಕೆ ಮಾರಿದ ಹಣ. ಮಾರಾಟದ ಬಿಲ್ ಅನುಬಂಧ 6ರಲ್ಲಿದೆ. ಹಿಂದಿನ 3 ವರ್ಷಗಳಲ್ಲೂ ಇದೇ ತಿಂಗಳುಗಳಲ್ಲಿ ಇಂಥದೇ ಮೊತ್ತ ಬಂದಿರುವುದನ್ನು ಸಂಘದ ಲೆಕ್ಕಪಟ್ಟಿ ತೋರಿಸುತ್ತದೆ, ಅನುಬಂಧ 7."

ಸ್ಟೇಟ್‌ಮೆಂಟಿನ ಆ ಸಾಲಿಗೆ ಹಳದಿ ಹೈಲೈಟರ್ ಹಚ್ಚಿ ಪಕ್ಕದಲ್ಲಿ 'ಅನುಬಂಧ 6' ಅಂತ ಬರೆದೆವು. ಬಿಲ್ಲಿನಲ್ಲಿ ಕಮಿಷನ್, ಹಮಾಲಿ ಎಲ್ಲಾ ಕಳೆದು ನಿವ್ವಳ ಮೊತ್ತ ಬರೆದಿರುತ್ತಾರಲ್ಲ, ಅದು ಬ್ಯಾಂಕಿಗೆ ಬಂದ ಮೊತ್ತಕ್ಕೆ ಪೈಸೆಗೆ ಪೈಸೆ ಸರಿಹೊಂದಬೇಕು. ನಮ್ಮದು ಹೊಂದುತ್ತಿತ್ತು. ಆದರೆ ಸಂಘದ ಸಾಲಕ್ಕೆ ಮುರಿದುಕೊಂಡು ಉಳಿದದ್ದನ್ನು ಹಾಕುವುದೂ ಉಂಟು. ಆಗ ಆ ಮುರಿದ ಮೊತ್ತವನ್ನೂ ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಬಿಲ್ ಒಂದು ಹೇಳುತ್ತದೆ, ಬ್ಯಾಂಕ್ ಇನ್ನೊಂದು ಹೇಳುತ್ತದೆ.

ಆ 3 ವರ್ಷದ ಲೆಕ್ಕಪಟ್ಟಿ ತುಂಬಾ ಮುಖ್ಯ ಅಂತ ನನಗನ್ನಿಸಿದ್ದು. ಬಿಲ್ ಒಂದೇ ಇದ್ದರೆ ಅದು ಒಂದು ದಿನದ ಮಾತು. ಪ್ರತಿ ವರ್ಷವೂ ಚಳಿಗಾಲದ ಕೊನೆಗೆ ಹೀಗೇ ದುಡ್ಡು ಬರುತ್ತದೆ ಅಂತ ಕಂಡರೆ, ಖಾತೆ ಐದು ತಿಂಗಳು ಖಾಲಿ ಇದ್ದದ್ದೂ ಸಹಜವಾಗಿ ಕಾಣುತ್ತದೆ.

ತೆರಿಗೆ ವಿಷಯಕ್ಕೂ ಒಂದು ಸಾಲು ಬೇಕಾಯಿತು. ನಮ್ಮಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹೊರದೇಶದವರಿಗೆ ಇದು ಗೊತ್ತಿರಲೇಬೇಕು ಅಂತೇನಿಲ್ಲ. ಅವರು ರಿಟರ್ನ್ ನೋಡುತ್ತಾರೆ, ತೆರಿಗೆ ಸೊನ್ನೆ, ಹಾಗಾದರೆ ಆದಾಯವೂ ಇಲ್ಲ ಅಂದುಕೊಳ್ಳಬಹುದು. ಮೊದಲ ಸಲ ನನ್ನ ಹೆಸರಲ್ಲಿ ರಿಟರ್ನೇ ಇರಲಿಲ್ಲ. ಆಮೇಲಿನ ಎರಡು ವರ್ಷ ಕೃಷಿ ಆದಾಯ ತೋರಿಸಿ ಐಟಿಆರ್-2 ಹಾಕಿದ್ದೆ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಇದು ನೆನಪಿರಲಿ. ಪತ್ರದಲ್ಲಿ ಬರೆದೆವು: ಈ ಆದಾಯಕ್ಕೆ ಭಾರತದಲ್ಲಿ ತೆರಿಗೆ ವಿನಾಯಿತಿ ಇದೆ, ರಿಟರ್ನಿನ ವಿನಾಯಿತಿ ಭಾಗದಲ್ಲಿ ಅದನ್ನು ತೋರಿಸಿದೆ.

ಆಮೇಲೆ ಖರ್ಚಿನ ಲೆಕ್ಕ. ವಿಮಾನಕ್ಕೆ 1,48,000, ಹೋಟೆಲಿಗೆ 2,05,000, ರೈಲು ಮತ್ತು ಸ್ವಿಸ್ ಪಾಸಿಗೆ 85,000, ಊಟ ತಿಂಡಿ ಮತ್ತು ಉಳಿದದ್ದಕ್ಕೆ 1,40,000, ವೀಸಾ ಮತ್ತು ಇನ್ಶೂರೆನ್ಸಿಗೆ 25,000. ಒಟ್ಟು 6,03,000 ರೂಪಾಯಿ. ನಮ್ಮಿಬ್ಬರ ಖಾತೆ ಸೇರಿ ಇದ್ದದ್ದು 9,05,000. ಸ್ವಿಟ್ಜರ್ಲೆಂಡಿನವರು ಒಬ್ಬರಿಗೆ ದಿನಕ್ಕೆ ಸುಮಾರು 100 ಫ್ರಾಂಕ್ ಕೈಯಲ್ಲಿರಬೇಕು ಅನ್ನುವ ಲೆಕ್ಕ ಇಟ್ಟುಕೊಂಡಿದ್ದಾರೆ. ಫ್ರಾನ್ಸಿನವರದು, ಹೋಟೆಲ್ ಬುಕಿಂಗ್ ಇದ್ದರೆ, 65 ಯೂರೋ. ನಮ್ಮ ಮೊತ್ತ ಅದಕ್ಕಿಂತ ಎಷ್ಟೋ ಮೇಲಿತ್ತು. ಆದರೂ ಸೊಸೆ ಬಿಡಲಿಲ್ಲ. "ಮಾವ, ಒಂಬತ್ತರಲ್ಲಿ ಆರು ಖರ್ಚು ಮಾಡಿದ್ರೆ ಬಂದ ಮೇಲೆ ಮುಂದಿನ ಕೊಯ್ಲಿನವರೆಗೆ ಮನೆ ಹೇಗೆ ನಡೆಯತ್ತೆ? ಇಷ್ಟೆಲ್ಲಾ ಸುರಿದು ಹೋಗೋರು ನಿಜವಾಗಿ ವಾಪಸ್ ಬರ್ತಾರಾ ಅಂತ ಯೋಚನೆ ಮಾಡ್ತಾರೆ." ಅದಕ್ಕೂ ಉತ್ತರ ಇತ್ತು. ಇನ್ನೂ 10 ಕ್ವಿಂಟಲ್ ಅಡಿಕೆ ಮಾರದೆ ಸಂಘದ ಗೋದಾಮಿನಲ್ಲಿಟ್ಟಿದ್ದೆ, ರೇಟಿಗೆ ಕಾಯುತ್ತಾ. ಅದರ ರಸೀದಿ ಅನುಬಂಧ 8 ಆಯಿತು. ಜೊತೆಗೆ ಹೆಂಡತಿಯ ತಿಂಗಳ ಸಂಬಳ. ಅವಳ ಪೇ ಸ್ಲಿಪ್, ಫಾರಂ 16 ಇಟ್ಟೆವು, ಅದಕ್ಕೆ ಜಾಸ್ತಿ ವಿವರಣೆ ಬೇಕಿರಲಿಲ್ಲ.

ಈ ಸಲ ಯಾರಿಂದಲೂ ಒಂದು ರೂಪಾಯಿ ತಂದು ಖಾತೆಗೆ ಹಾಕಲಿಲ್ಲ.

ಇನ್ನು ವಾಪಸ್ ಬರುವ ಮಾತು. ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಭಾಗ ಇದೇ. ಭರವಸೆ ಕೊಡುತ್ತೇನೆ ಅಂತ ಎಲ್ಲೂ ಬರೆಯಲಿಲ್ಲ. ಮೇ ತಿಂಗಳ ಕೊನೆಗೆ ನಾವಿಬ್ಬರೂ ಊರಲ್ಲಿ ಯಾಕೆ ಇರಲೇಬೇಕು, ಅದನ್ನು ಮಾತ್ರ ಬರೆದೆವು. ಹೆಂಡತಿಗೆ ಮೇ 29ಕ್ಕೆ ಶಾಲೆ ಶುರು. ಸರ್ಕಾರಿ ನೌಕರರು ಖಾಸಗಿಯಾಗಿ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಅದಕ್ಕೆ ಜನವರಿಯಲ್ಲೇ ಅರ್ಜಿ ಕೊಟ್ಟಿದ್ದಳು, ಐದು ವಾರ ಹಿಡಿಯಿತು. ಅನುಮತಿ ಪತ್ರದಲ್ಲಿ ಹೋಗುವ ತಾರೀಖು, ಬರುವ ತಾರೀಖು ಎರಡೂ ಇದ್ದವು. ಅಧಿಕಾರಿಗಳ ಸಹಿ ಇರುವ ಅಂಥ ಒಂದು ಹಾಳೆ ನಮ್ಮ ಹತ್ತು ಮಾತಿಗಿಂತ ಹೆಚ್ಚು ತೂಕದ್ದು.

ನನ್ನದು? ನನಗೆ ರಜೆ ಕೊಡುವ ಮೇಲಧಿಕಾರಿ ಇಲ್ಲ. ಆದರೆ ಮಳೆ ಇದೆ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆ ರೋಗ ಬರುವುದು ಮಳೆಗಾಲದಲ್ಲಿ. ಮುಂಗಾರು ಹಿಡಿಯುವ ಮುಂಚೆ ಗೊನೆಗಳಿಗೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಿಬಿಡಬೇಕು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಒಣಗಲು ಬಿಸಿಲೂ ಬೇಕು. ಅದು ತಪ್ಪಿದರೆ ಎಳೆ ಕಾಯಿ ಉದುರಿ ಇಡೀ ವರ್ಷದ ಬೆಳೆ ಹೋಗುತ್ತದೆ. ಮರ ಹತ್ತುವ ಕೊನೆಗೌಡನನ್ನು ತಿಂಗಳ ಮುಂಚೆಯೇ ಗೊತ್ತು ಮಾಡಬೇಕು, ಆ ಹೊತ್ತಿನಲ್ಲಿ ಎಲ್ಲರಿಗೂ ಅವನೇ ಬೇಕು. ಪತ್ರದಲ್ಲಿ ಮೂರು ಸಾಲಿನಲ್ಲಿ ಇದನ್ನು ಬರೆದೆವು: ಮೇ ಕೊನೆಯ ವಾರ ತೋಟಕ್ಕೆ ಮಳೆಗಾಲದ ಮೊದಲ ಔಷಧಿ ಸಿಂಪಡಣೆ, ಅದನ್ನು ಮಾಡಿಸುವವನು ನಾನೇ, ಆದ್ದರಿಂದಲೇ ಮೇ 20ಕ್ಕೆ ಬೆಂಗಳೂರಿಗೆ ಮರಳುವ ಹಾಗೆ ಟಿಕೆಟ್ ಹಿಡಿದಿದ್ದೇವೆ. ಆ ದ್ರಾವಣ ಹುಟ್ಟಿದ್ದೂ ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟದಲ್ಲಿ. ಓದುವವರಿಗೆ ಹೆಸರಾದರೂ ಪರಿಚಿತ ಇರುತ್ತದೆ ಅಂತ ನನಗೊಂದು ಸಮಾಧಾನ.

ಜಮೀನಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಎರಡು ಎಕರೆ 20 ಗುಂಟೆ, ಪಹಣಿಯಲ್ಲಿ ಅಮ್ಮ, ನಾನು, ತಮ್ಮ ಮೂವರ ಹೆಸರಿದೆ, ತಮ್ಮ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಬೇಸಾಯ ಮಾಡುವವನು ನಾನು. ಗುಂಟೆ ಅಂದರೆ ಅವರಿಗೆ ಅರ್ಥವಾಗದು. ಹಾಗಾಗಿ 'ಸುಮಾರು 1 ಹೆಕ್ಟೇರ್' ಅಂತ ಸೇರಿಸಿದೆವು. ಪಹಣಿ, ಸಂಘದ ಬಿಲ್, ಇಲಾಖೆಯ ಅನುಮತಿ ಎಲ್ಲವೂ ಕನ್ನಡದಲ್ಲಿದ್ದವು. ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ಹಾಕಿಸಿ, ಮೂಲದ ಹಿಂದೆಯೇ ಪಿನ್ ಮಾಡಿದೆವು. ಮನೆಯಲ್ಲಿ 76 ವರ್ಷದ ಅಮ್ಮ ಇದ್ದಾರೆ, ಮಗ ಪಿಯುಸಿ ಓದುತ್ತಿದ್ದಾನೆ, ಇಬ್ಬರೂ ಊರಲ್ಲೇ ಉಳಿಯುತ್ತಾರೆ ಅಂತ ಒಂದು ಸಾಲು. ಮಗನ ಕಾಲೇಜಿನ ಸರ್ಟಿಫಿಕೇಟ್ ಇಟ್ಟೆವು.

ಕೊನೆಗೆ ಹಳೇ ನಿರಾಕರಣೆ. ಅದನ್ನು ಹೇಳಬೇಕೋ ಬೇಡವೋ ಅಂತ ಹೆಂಡತಿಗೂ ನನಗೂ ಎರಡು ದಿನ ಮಾತಾಯಿತು. ಸುಮ್ನೆ ಇದ್ದರೆ ಗೊತ್ತಾಗುವುದಿಲ್ಲವೇನೋ ಅಂತ ಅವಳ ಆಸೆ. ಆದರೆ ಷೆಂಗೆನ್ ದೇಶಗಳ ವೀಸಾ ಮಾಹಿತಿಯೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿರುತ್ತದೆ, ಐದು ವರ್ಷ ಇಟ್ಟಿರುತ್ತಾರೆ. ಒಂದು ದೇಶ ಇಲ್ಲ ಅಂದದ್ದು ಉಳಿದವರಿಗೆ ಕಾಣುತ್ತದೆ. ಹಾಗಾಗಿ ನಾವೇ ಬರೆದೆವು: 2023ರಲ್ಲಿ ನಮ್ಮ ಅರ್ಜಿ ನಿರಾಕರಣೆಯಾಗಿತ್ತು. ಆಗ ಬೆಳೆಯ ಆದಾಯಕ್ಕೆ ದಾಖಲೆ ಕೊಟ್ಟಿರಲಿಲ್ಲ, ಸಂಬಂಧಿಕರಿಂದ ಬಂದ ಹಣವೂ ಖಾತೆಯಲ್ಲಿತ್ತು, ನನ್ನ ಕೆಲಸದ ವಿವರವೂ ತಪ್ಪಾಗಿತ್ತು. ಈ ಸಲ ಅವೆಲ್ಲವನ್ನೂ ಸರಿಪಡಿಸಿ ದಾಖಲೆ ಲಗತ್ತಿಸಿದ್ದೇವೆ. ಹಿಂದೆ ನಿರಾಕರಿಸಿದವರ ಬಗ್ಗೆ ದೂರು ಒಂದಕ್ಷರವೂ ಇಲ್ಲ.

ಎಲ್ಲಾ ಸೇರಿ ಒಂದೂವರೆ ಪುಟ. ಇಬ್ಬರೂ ಸಹಿ ಮಾಡಿ ಇಬ್ಬರ ಫೈಲಿನಲ್ಲೂ ಒಂದೊಂದು ಪ್ರತಿ ಇಟ್ಟೆವು. ಹೊರಡುವ ಹಿಂದಿನ ರಾತ್ರಿ ಊಟದ ಮೇಲೆ ನಾನು ಪತ್ರ ಗಟ್ಟಿಯಾಗಿ ಓದಿದೆ, ಹೆಂಡತಿ ಟಿಕೆಟ್, ಹೋಟೆಲ್, ಇನ್ಶೂರೆನ್ಸ್, ಅನುಮತಿ ಪತ್ರ, ಅರ್ಜಿ ಫಾರಂ ಮುಂದಿಟ್ಟುಕೊಂಡು ಒಂದೊಂದೇ ತಾರೀಖಿಗೆ ಟಿಕ್ ಹಾಕಿದಳು. ಲುಸರ್ನ್ ಹೋಟೆಲಿನ ಬುಕಿಂಗಿನಲ್ಲಿ ಅವಳ ಹೆಸರೇ ಇರಲಿಲ್ಲ, ಒಬ್ಬರಿಗೆ ಅಂತ ಆಗಿತ್ತು. ರಾತ್ರಿಯೇ ಸರಿಪಡಿಸಿ ಬೆಳಿಗ್ಗೆ ಪ್ರಿಂಟ್ ತೆಗೆಸಿದೆವು. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಮೊತ್ತಕ್ಕೆ ಇರಬೇಕು, ಅದನ್ನೂ ಮತ್ತೊಮ್ಮೆ ನೋಡಿಕೊಂಡೆವು.

ಮಾರ್ಚ್ ಮೊದಲ ವಾರ ಬೆಂಗಳೂರಿನ ಕೇಂದ್ರದಲ್ಲಿ ಅರ್ಜಿ ಕೊಟ್ಟೆವು. ಫೀಸು ಒಬ್ಬರಿಗೆ 90 ಯೂರೋ, ಮೇಲೆ ಕೇಂದ್ರದ ಸೇವಾ ಶುಲ್ಕ. ಕೌಂಟರಿನಲ್ಲಿ ಪತ್ರವನ್ನು ಯಾರೂ ಓದುವುದಿಲ್ಲ, ಪಟ್ಟಿ ಪ್ರಕಾರ ಕಾಗದ ಜೋಡಿಸಿಕೊಳ್ಳುತ್ತಾರೆ ಅಷ್ಟೇ. ತೀರ್ಮಾನ ಮಾಡುವವರು ಬೇರೆ. ಅವರ ಮುಂದೆ ನಾವು ಕೂತಿರುವುದಿಲ್ಲ, ಪತ್ರ ಮಾತ್ರ ಇರುತ್ತದೆ. ಹದಿಮೂರನೇ ದಿನ ಪಾಸ್‌ಪೋರ್ಟ್ ಬಂತು. ಹೆಂಡತಿ ಶಾಲೆಯಲ್ಲಿದ್ದಳು. ನಾನೊಬ್ಬನೇ ಲಕೋಟೆ ಒಡೆದೆ. ಸ್ಟಿಕ್ಕರ್ ನೋಡಿ ಮೊದಲು ಅಮ್ಮನಿಗೆ ತೋರಿಸಿದೆ.

ಮೇ 20ಕ್ಕೆ ಬೆಂಗಳೂರಿಗೆ ಇಳಿದೆವು, ಮಾರನೇ ದಿನ ಊರು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು, ನಮ್ಮಲ್ಲೂ ಮಳೆ ಬೇಗ ಹಿಡಿಯಿತು. ಔಷಧಿ ಹೊಡೆಸಲು ಬಿಸಿಲು ಸಿಗುವುದೇ ಕಷ್ಟವಾಯಿತು.

ಈಗ ಪಕ್ಕದ ಮನೆಯವರು ನಮ್ಮ ಪತ್ರದ ಪ್ರತಿ ಕೇಳಿದ್ದಾರೆ. ಕೊಟ್ಟಿದ್ದೇನೆ. ಆದರೆ ಅವರು ಇಷ್ಟು ವರ್ಷ ಅಡಿಕೆ ಕೊಟ್ಟಿದ್ದು ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ, ನಗದಿಗೆ. ಬಿಲ್ಲಿಲ್ಲ, ಬ್ಯಾಂಕಿನಲ್ಲಿ ಗುರುತಿಲ್ಲ. ಎಷ್ಟು ಚೆನ್ನಾಗಿ ಬರೆದರೂ ಆ ದುಡ್ಡಿನ ಪ್ಯಾರಾದ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯಲು ಅವರ ಹತ್ತಿರ ಕಾಗದ ಇಲ್ಲ. ಅದನ್ನೇ ಹೇಳಿದೆ. ಈ ಸಲದ ಅಡಿಕೆಯನ್ನು ಸೊಸೈಟಿಗೆ ಹಾಕುತ್ತಾರಂತೆ, ರಿಟರ್ನ್ ಹಾಕಲು ಆಡಿಟರ್ ಹತ್ತಿರವೂ ಹೋಗಿ ಬಂದಿದ್ದಾರೆ. ಅರ್ಜಿ ಅದರ ಮುಂದಿನ ವರ್ಷ.